ಕಂತಿನೊಳಗಿನ ಬಡ್ಡಿ

ಕೋಲಾರದ ಟೊಮೆಟೊ ಮಾರುಕಟ್ಟೆಗೆ ಸರಕು ಸಾಗಿಸಲು ಒಬ್ಬರು ಬಾಡಿಗೆ ಖರೀದಿಯಲ್ಲಿ ಗೂಡ್ಸ್ ವಾಹನ ತೆಗೆದುಕೊಂಡರು ಎಂದಿಟ್ಟುಕೊಳ್ಳೋಣ. ನಗದು ಕೊಟ್ಟು ಕೊಂಡರೆ ಅದರ ಬೆಲೆ 4,31,000 ರೂಪಾಯಿ. ಅವರು ಒಂದು ಲಕ್ಷ ಮುಂಗಡ ಕೊಟ್ಟರು. ಉಳಿದದ್ದಕ್ಕೆ ಪ್ರತಿ ವರ್ಷದ ಕೊನೆಗೆ 1,33,100 ರೂಪಾಯಿಯಂತೆ ಮೂರು ಕಂತು ಎಂದು ಒಪ್ಪಂದವಾಯಿತು. ಕಂತುಗಳು ನಿಜದಲ್ಲಿ ತಿಂಗಳಿಗೊಮ್ಮೆ ಬರುತ್ತವೆ. ಲೆಕ್ಕ ಕಣ್ಣಿಗೆ ಕಾಣಲೆಂದು ಇಲ್ಲಿ ವರ್ಷಕ್ಕೊಂದು ಎಂದು ಹಿಡಿಯಲಾಗಿದೆ.

ಮುಂಗಡವೂ ಸೇರಿ ಅವರ ಕೈಯಿಂದ ಹೋಗುವುದು ಒಟ್ಟು 4,99,300 ರೂಪಾಯಿ. ನಗದು ಬೆಲೆಗಿಂತ 68,300 ಹೆಚ್ಚು. ಈ ಹೆಚ್ಚಿನ ಹಣ ವಾಹನದ ಬೆಲೆಯಲ್ಲ, ಕಾಯ್ದು ವಸೂಲು ಮಾಡುವುದಕ್ಕೆ ತೆತ್ತ ಬಡ್ಡಿ. ಕೊಂಡವರ ಪುಸ್ತಕದಲ್ಲಾಗಲಿ ಮಾರಿದವರ ಪುಸ್ತಕದಲ್ಲಾಗಲಿ, ಬಾಡಿಗೆ ಖರೀದಿಯ ಲೆಕ್ಕವೆಲ್ಲ ನಿಂತಿರುವುದು ಈ 68,300ನ್ನು ಯಾವ ವರ್ಷಕ್ಕೆ ಎಷ್ಟು ಹಂಚಬೇಕು ಎಂಬುದರ ಮೇಲೆ.

ಮೂರು ವರ್ಷಕ್ಕೆ ಸಮನಾಗಿ ಹಂಚಿದರೆ ವರ್ಷಕ್ಕೆ ಸುಮಾರು 22,767 ಬರುತ್ತದೆ. ಅದು ಸರಿಯಲ್ಲ. ಮೊದಲ ವರ್ಷ ಅವರು ಬಳಸಿಕೊಂಡದ್ದು ಮಾರಾಟಗಾರನ 3,31,000 ರೂಪಾಯಿ, ಕೊನೆಯ ವರ್ಷ ಕೇವಲ 1,21,000. ಎರಡಕ್ಕೂ ಒಂದೇ ಬಡ್ಡಿ ಆಗಲಾರದು. ವರ್ಷದ ಆರಂಭದಲ್ಲಿ ಉಳಿದಿರುವ ಅಸಲಿನ ಮೇಲೆ ಮಾತ್ರ ಬಡ್ಡಿ ಕಟ್ಟಬೇಕು. ಈ ಒಪ್ಪಂದದ ದರ ವರ್ಷಕ್ಕೆ ನೂರಕ್ಕೆ 10.

| ವರ್ಷ | ಆರಂಭದ ಬಾಕಿ | ಬಡ್ಡಿ | ಅಸಲು | ಉಳಿದ ಬಾಕಿ |
|---|---|---|---|---|
| 1 | 3,31,000 | 33,100 | 1,00,000 | 2,31,000 |
| 2 | 2,31,000 | 23,100 | 1,10,000 | 1,21,000 |
| 3 | 1,21,000 | 12,100 | 1,21,000 | 0 |

ಕಂತಿನ ಮೊತ್ತ ಮೂರು ವರ್ಷವೂ ಒಂದೇ. ಆದರೆ ಅದರ ಒಳಗೆ ಬಡ್ಡಿ ಇಳಿಯುತ್ತ, ಅಸಲು ಏರುತ್ತ ಹೋಗುತ್ತದೆ. ಮೂರು ವರ್ಷದ ಬಡ್ಡಿ ಕೂಡಿಸಿದರೆ ಸರಿಯಾಗಿ 68,300.

ಶೋರೂಮಿನಲ್ಲಿ ಹೇಳುವ ‘ಫ್ಲ್ಯಾಟ್’ ಬಡ್ಡಿಯ ಗುಟ್ಟೂ ಇದೇ ಪಟ್ಟಿಯಲ್ಲಿದೆ. 22,767ನ್ನು ಮೊದಲಿನ 3,31,000ಕ್ಕೆ ಹೋಲಿಸಿದರೆ ನೂರಕ್ಕೆ 6.88 ಮಾತ್ರ ಕಾಣುತ್ತದೆ. ಅಸಲು ವರ್ಷವರ್ಷವೂ ತೀರುತ್ತಿರುವುದನ್ನು ಆ ಲೆಕ್ಕ ಮರೆತುಬಿಡುತ್ತದೆ. ಹೀಗಾಗಿ 6.88 ಎಂದು ಹೇಳಿದ ಸಾಲದ ನಿಜವಾದ ದರ 10.

ಬಡ್ಡಿ ದರವನ್ನೇ ತಿಳಿಸದೆ ನಗದು ಬೆಲೆ ಮತ್ತು ಕಂತನ್ನು ಮಾತ್ರ ಹೇಳಿದ ಒಪ್ಪಂದಗಳೂ ಇರುತ್ತವೆ. ಆಗ ಲೆಕ್ಕಿಗರು ಪ್ರತಿ ವರ್ಷದ ಆರಂಭದಲ್ಲಿ ಬರಬೇಕಾದ ಕಂತುಗಳ ಮೊತ್ತದ ಅನುಪಾತದಲ್ಲಿ ಬಡ್ಡಿ ಹಂಚುತ್ತಾರೆ. ಇಲ್ಲಿ ಮೂರು, ಎರಡು, ಒಂದು ಕಂತು ಬಾಕಿ ಇರುವುದರಿಂದ ಅನುಪಾತ 3:2:1. ಬಡ್ಡಿ ಕ್ರಮವಾಗಿ 34,150, 22,767 ಮತ್ತು 11,383 ಆಗುತ್ತದೆ. ನಿಜ ಲೆಕ್ಕಕ್ಕೆ ಇದು ಹತ್ತಿರವೇ. ಆದರೆ ಮೊದಲ ವರ್ಷದ ಮೇಲೆ 1,050 ರೂಪಾಯಿ ಹೆಚ್ಚು ಹೊರಿಸುತ್ತದೆ. ಮೊದಲ ಕಂತು ಕಟ್ಟಿದ ಕೂಡಲೇ ಸಾಲವನ್ನೆಲ್ಲ ತೀರಿಸಿಬಿಡುತ್ತೇನೆ ಎಂದು ಹೋದವರಿಗೆ 2,31,000ದ ಬದಲು 2,32,050 ಎಂದು ಲೆಕ್ಕ ಬರುವುದು ಇದರಿಂದಲೇ. ಅವಧಿ ಉದ್ದವಾಗಿ, ದರ ಹೆಚ್ಚಾದಷ್ಟೂ ಈ ಅಂತರ ದೊಡ್ಡದಾಗುತ್ತದೆ.

ಇನ್ನು ಕೊಂಡವರ ಪುಸ್ತಕ. ಕಾನೂನಿನ ಪ್ರಕಾರ ಕೊನೆಯ ಕಂತು ತೀರುವವರೆಗೆ ವಾಹನ ಮಾರಾಟಗಾರನದೇ. 1895ರಲ್ಲಿ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ ಒಂದು ಪಿಯಾನೋದ ತಗಾದೆಯಲ್ಲಿ ಇದನ್ನು ಗಟ್ಟಿ ಮಾಡಿತು. ಹೆಲ್ಬಿ ಮತ್ತು ಮ್ಯಾಥ್ಯೂಸ್ ಮೊಕದ್ದಮೆ ಎಂದು ಅದು ಹೆಸರಾಗಿದೆ. ಕಂತಿನಲ್ಲಿ ಪಿಯಾನೋ ಪಡೆದವನು ಹಣ ಪೂರ್ತಿ ಕಟ್ಟುವ ಮೊದಲೇ ಅದನ್ನು ಗಿರವಿ ಇಟ್ಟಿದ್ದ. ಅವನು ಬೇಡವೆಂದರೆ ಹಿಂದಿರುಗಿಸಬಹುದಿತ್ತು, ಕೊಂಡೇ ತೀರುತ್ತೇನೆಂದು ಒಪ್ಪಿರಲಿಲ್ಲ, ಆದ್ದರಿಂದ ಒಡೆತನ ಹೆಲ್ಬಿಯದೇ ಎಂದು ತೀರ್ಪಾಯಿತು. ಭಾರತದಲ್ಲಿ 1972ರಲ್ಲಿ ಬಾಡಿಗೆ ಖರೀದಿಗೆಂದೇ ಒಂದು ಕಾಯ್ದೆ ಅಂಗೀಕಾರವಾದರೂ ಅದು ಜಾರಿಗೆ ಬರಲಿಲ್ಲ. 2005ರಲ್ಲಿ ಅದನ್ನು ರದ್ದು ಮಾಡಲಾಯಿತು. ಇಂದಿನ ವಾಹನ ಸಾಲಗಳಲ್ಲಿ ಬಹುಪಾಲು ಹೈಪೊಥಿಕೇಶನ್. ಅಲ್ಲಿ ಒಡೆತನ ಮೊದಲ ದಿನದಿಂದಲೇ ಕೊಂಡವರದು, ವಾಹನ ಸಾಲಕ್ಕೆ ಭದ್ರತೆ ಮಾತ್ರ.

ಲೆಕ್ಕಶಾಸ್ತ್ರ ಕಾಗದದ ಒಡೆತನಕ್ಕಿಂತ ವ್ಯವಹಾರದ ತಿರುಳನ್ನು ನೋಡುತ್ತದೆ. ವಾಹನ ಓಡಿಸಿ ದುಡಿಯುವವರು, ಟೈರು ಸವೆದರೆ ಹಾಕಿಸುವವರು ಕೊಂಡವರು. ಆದ್ದರಿಂದ ಮೊದಲ ದಿನವೇ ವಾಹನದ ಖಾತೆಗೆ ಪೂರ್ಣ ನಗದು ಬೆಲೆ 4,31,000 ಡೆಬಿಟ್ ಆಗಿ, ಮಾರಾಟಗಾರನ ಖಾತೆಗೆ ಅಷ್ಟೇ ಕ್ರೆಡಿಟ್ ಆಗುತ್ತದೆ. ಮುಂಗಡ ಆ ಋಣವನ್ನು ಇಳಿಸುತ್ತದೆ. ವರ್ಷದ ಕೊನೆಗೆ 33,100 ಬಡ್ಡಿಯನ್ನು ಖರ್ಚೆಂದು ಬರೆದು ಮಾರಾಟಗಾರನ ಖಾತೆಗೆ ಸೇರಿಸಿ, ಕಂತು ಕಟ್ಟಿದ್ದನ್ನು ಕಳೆಯಬೇಕು. ಸವಕಳಿಯೂ ಪೂರ್ಣ ನಗದು ಬೆಲೆಯ ಮೇಲೆಯೇ. ನೂರಕ್ಕೆ 20 ಎಂದರೆ ವರ್ಷಕ್ಕೆ 86,200.

ಇಲ್ಲಿ ಎರಡು ತಪ್ಪು ಮತ್ತೆ ಮತ್ತೆ ಕಾಣುತ್ತವೆ. ಕಂತನ್ನೆಲ್ಲ ‘ಬಾಡಿಗೆ’ ಎಂದು ಖರ್ಚಿಗೆ ಹಾಕಿದರೆ ಬ್ಯಾಲೆನ್ಸ್ ಶೀಟಿನಲ್ಲಿ ವಾಹನವೂ ಇಲ್ಲ, ಸಾಲವೂ ಇಲ್ಲ. 4,99,300ನ್ನೇ ವಾಹನದ ಬೆಲೆ ಎಂದು ಬರೆದರೆ ಬಡ್ಡಿ ಮಾಯವಾಗಿ ಸವಕಳಿ ಉಬ್ಬುತ್ತದೆ. ಪತ್ತೆ ಹಚ್ಚುವುದು ಸುಲಭ: ಮಾರಾಟಗಾರನ ಖಾತೆಯ ವರ್ಷಾಂತ್ಯದ ಬಾಕಿ ಮೇಲಿನ ಪಟ್ಟಿಯ ಕೊನೆಯ ಕಂಬಸಾಲಿಗೆ ತಾಳೆಯಾಗದಿದ್ದರೆ ಎಲ್ಲೋ ಬಡ್ಡಿ ತಪ್ಪಿದೆ.

ಮಾರಿದವರ ಪುಸ್ತಕ ಇದಕ್ಕೆ ಕನ್ನಡಿ. ವಾಹನ ಅವರಿಗೆ 3,80,000ಕ್ಕೆ ಬಿದ್ದಿದ್ದರೆ, ಮಾರಾಟದ ಲಾಭ 51,000 ಮೊದಲ ವರ್ಷವೇ ಬಂತು. ಬಡ್ಡಿ ಹಾಗಲ್ಲ. ಅದನ್ನು ಗಳಿಸಲು ವರ್ಷಗಳು ಉರುಳಬೇಕು. ಪೂರ್ತಿ 68,300ನ್ನು ಬಡ್ಡಿ ಸಸ್ಪೆನ್ಸ್ ಖಾತೆಯಲ್ಲಿ ತಡೆದಿಟ್ಟು, ಮೊದಲ ವರ್ಷ 33,100ನ್ನು ಮಾತ್ರ ಆದಾಯಕ್ಕೆ ತರುವುದು ಒಂದು ಪದ್ಧತಿ. ಹಾಗೆ ಮಾಡದೆ ಎಲ್ಲವನ್ನೂ ಒಂದೇ ಸಲ ಆದಾಯವೆಂದರೆ ಮೊದಲ ವರ್ಷದ ಲಾಭ 84,100ರ ಬದಲು 1,19,300 ಎಂದು ತೋರುತ್ತದೆ. ಮುಂದಿನ ಎರಡು ವರ್ಷ ಹಣ ಬರುತ್ತಿದ್ದರೂ ಲಾಭ ಸೊನ್ನೆ.

ಎರಡನೇ ಕಂತು ಕಟ್ಟಲಾಗದೆ ಮಾರಾಟಗಾರ ವಾಹನ ವಾಪಸು ಒಯ್ದರೆ? ಬಾಕಿ 2,31,000ಕ್ಕೆ ಆ ವರ್ಷದ ಬಡ್ಡಿ 23,100 ಸೇರಿ ಋಣ 2,54,100 ಆಗಿರುತ್ತದೆ. ಕೊಂಡವರ ಪುಸ್ತಕದಲ್ಲಿ ಎರಡು ವರ್ಷದ ಸವಕಳಿ ಕಳೆದು ವಾಹನದ ಬೆಲೆ 2,58,600. ಎರಡೂ ಖಾತೆ ಮುಚ್ಚಿದಾಗ 4,500 ನಷ್ಟ. ಮಾರಿದವರು ಮರಳಿ ಬಂದ ವಾಹನಕ್ಕೆ ಆಗಿನ ಬೆಲೆ ಕಟ್ಟಬೇಕು. ಅದು 2,20,000 ಎಂದಾದರೆ ಅವರಿಗೆ 34,100 ನಷ್ಟ. ರಿಪೇರಿ ಮಾಡಿಸಿದ ಖರ್ಚು ಈ ಹೊಸ ಬೆಲೆಗೆ ಸೇರುತ್ತದೆ.

ಎಲ್ಲ ಕಂತೂ ಸರಿಯಾಗಿ ತೀರಿದರೆ ಮಾರಾಟಗಾರನ ಖಾತೆ ಸೊನ್ನೆಯಾಗುತ್ತದೆ. ಕೊಂಡವರು ಫಾರಂ 35ಕ್ಕೆ ಮಾರಾಟಗಾರನ ಸಹಿ ಪಡೆದು ಆರ್‌ಟಿಒ ಕಚೇರಿಗೆ ಕೊಟ್ಟರೆ ಆರ್‌ಸಿಯಲ್ಲಿದ್ದ ಬಾಡಿಗೆ ಖರೀದಿಯ ನಮೂದು ಅಳಿಯುತ್ತದೆ. ಆ ದಿನ ಕಾನೂನಿನ ಕಣ್ಣಲ್ಲಿ ಅವರು ಮಾಲೀಕರಾದರೂ ಲೆಕ್ಕಪುಸ್ತಕದಲ್ಲಿ ಅದಕ್ಕೆಂದು ಬರೆಯಬೇಕಾದ್ದು ಏನೂ ಇಲ್ಲ. ವಾಹನ ಮೂರು ವರ್ಷದಿಂದಲೂ ಅಲ್ಲೇ ಇದೆ, ಸವಕಳಿ ಕಳೆದು 1,72,400 ರೂಪಾಯಿಗೆ.