ಹೊಗೆ ಚೀಟಿಯ 2.80 ಏನು ಹೇಳುತ್ತದೆ?

ಅರಸೀಕೆರೆಯಿಂದ ಜಾವಗಲ್ ದಾಟಿ ಹಳೇಬೀಡಿಗೆ, ಅಲ್ಲಿಂದ ಬೇಲೂರಿಗೆ ಓಡಾಡುವ ಬೈಕುಗಳ ದಾಖಲೆಗಳ ನಡುವೆ ಎಮಿಷನ್ ಟೆಸ್ಟ್ ಚೀಟಿಯೊಂದು ಇರಲೇಬೇಕು. ಪೊಲೀಸರು ಕೇಳಿದಾಗ ತೋರಿಸಿ ಮತ್ತೆ ಮಡಚಿಡುತ್ತೇವೆ. ಅದರಲ್ಲಿ ಅಚ್ಚಾದ ಅಂಕಿಗಳನ್ನು ಓದುವವರು ಕಡಿಮೆ.

2012ರಲ್ಲಿ ತಯಾರಾದ, ಕಾರ್ಬೊರೇಟರ್ ಇರುವ ನಾಲ್ಕು ಸ್ಟ್ರೋಕಿನ ಬೈಕೊಂದರ ಚೀಟಿಯನ್ನು ಊಹಿಸಿಕೊಳ್ಳೋಣ. CO ಎದುರು 2.80, HC ಎದುರು 900 ಎಂದಿದೆ. ಪಕ್ಕದಲ್ಲಿ ಮಿತಿ: CO 3.5, HC 4500. ಎರಡೂ ಮಿತಿಯೊಳಗಿವೆ, ಬೈಕು ಪಾಸು.

ನೋಡಿದೊಡನೆ 900 ದೊಡ್ಡದು, 2.80 ಚಿಕ್ಕದು ಅನ್ನಿಸುತ್ತದೆ. ಆದರೆ ಎರಡರ ಅಳತೆಗೋಲೇ ಬೇರೆ. HC ಎಂದರೆ ಉರಿಯದೆ ಉಳಿದ ಪೆಟ್ರೋಲಿನ ಅಂಶ. ಅದನ್ನು ಹೊಗೆಯ ಹತ್ತು ಲಕ್ಷ ಪಾಲಿನಲ್ಲಿ ಎಷ್ಟು ಪಾಲು ಎಂದು ಎಣಿಸುತ್ತಾರೆ. CO ಎಂದರೆ ಕಾರ್ಬನ್ ಮಾನಾಕ್ಸೈಡ್. ಅದರ ಲೆಕ್ಕ ಶೇಕಡಾವಾರು. ಶೇ. 2.80 ಅನ್ನು HCಯ ಅಳತೆಗೆ ತಂದರೆ 28,000 ಆಗುತ್ತದೆ. ಚಿಕ್ಕದಾಗಿ ಕಂಡದ್ದು 900ರ ಮೂವತ್ತೊಂದು ಪಟ್ಟು!

ಪೆಟ್ರೋಲ್ ಪೂರ್ತಿ ಉರಿದರೆ ಅದರಲ್ಲಿರುವ ಇಂಗಾಲ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಅದಕ್ಕೆ ಒಂದು ಗ್ರಾಂ ಪೆಟ್ರೋಲಿಗೆ ಸುಮಾರು 14.7 ಗ್ರಾಂ ಗಾಳಿ ಬೇಕು. ಗಾಳಿ ಕಡಿಮೆಯಾದರೆ ಉರಿಯುವಿಕೆ ಅರ್ಧಕ್ಕೇ ನಿಂತು ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಆದ್ದರಿಂದ CO ಅಂಕಿ ಏರಿದರೆ ಎಂಜಿನ್ನಿಗೆ ಗಾಳಿ ಸಾಲದು ಅಥವಾ ಪೆಟ್ರೋಲ್ ಹೆಚ್ಚಾಗಿದೆ ಎಂದರ್ಥ. ಮೊದಲು ನೋಡಬೇಕಾದದ್ದು ಧೂಳು ತುಂಬಿದ ಏರ್ ಫಿಲ್ಟರ್. ಆಮೇಲೆ ಹಿಂದಕ್ಕೆ ಬಾರದ ಚೋಕ್, ಕಾರ್ಬೊರೇಟರಿನ ಸ್ಕ್ರೂ. CO ಕಡಿಮೆಯಿದ್ದು HC ಮಾತ್ರ ಏರಿದ್ದರೆ ಸ್ಪಾರ್ಕ್ ಪ್ಲಗ್ಗನ್ನು ಪರೀಕ್ಷಿಸಿ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಬೈಕುಗಳಲ್ಲಿ ಹೆಚ್ಚಿನವಕ್ಕೆ ಪೆಟ್ರೋಲನ್ನು ಅಳೆದು ಚಿಮ್ಮಿಸುವ ವ್ಯವಸ್ಥೆಯಿದೆ, ಹೊಗೆಯನ್ನು ಶುದ್ಧಗೊಳಿಸುವ ಕನ್ವರ್ಟರ್ ಇದೆ. ಹಾಗಾಗಿ ಅವುಗಳ ಮಿತಿ ಹಳೆಯ ಬೈಕುಗಳಿಗಿಂತ ಬಹಳ ಬಿಗಿ.

ಪಾಸಾದ ಅಂಕಿಯೂ ಕೆಲವೊಮ್ಮೆ ಮೋಸ ಮಾಡುತ್ತದೆ. ಯಂತ್ರದ ಕೊಳವೆಯನ್ನು ಸೈಲೆನ್ಸರಿನೊಳಗೆ ಸುಮಾರು ಒಂದು ಅಡಿಯಷ್ಟು ತೂರಿಸಬೇಕು. ಬಾಯಿಯ ಬಳಿಯೇ ಹಿಡಿದರೆ, ಇಲ್ಲವೇ ಸೈಲೆನ್ಸರ್ ತೂತಾಗಿದ್ದರೆ, ಹೊರಗಿನ ಗಾಳಿ ಬೆರೆತು ಅಂಕಿ ತೆಳುವಾಗುತ್ತದೆ. ಹಾಲಿಗೆ ನೀರು ಬೆರೆಸಿದ ಹಾಗೆ. ಇದನ್ನು ಪತ್ತೆ ಹಚ್ಚಬಹುದು. ಚೀಟಿಯಲ್ಲೋ ಯಂತ್ರದ ಪರದೆಯಲ್ಲೋ CO2 ಅಂಕಿ ಇದ್ದರೆ ಅದಕ್ಕೆ CO ಅಂಕಿಯನ್ನು ಕೂಡಿಸಿ. ಬಿಸಿಯಾದ ನಾಲ್ಕು ಸ್ಟ್ರೋಕ್ ಎಂಜಿನ್ನಿನಲ್ಲಿ ಮೊತ್ತ ಸುಮಾರು 15 ಇರಬೇಕು. ನಮ್ಮ ಚೀಟಿಯಲ್ಲಿ CO2 7.2 ಎಂದಿದ್ದರೆ ಮೊತ್ತ ಬರೀ 10. ಅಂದರೆ ಹೊಗೆಯ ಮೂರನೇ ಒಂದು ಪಾಲು ಹೊರಗಿನ ಗಾಳಿ. 2.80 ಅನ್ನು 15ರಿಂದ ಗುಣಿಸಿ 10ರಿಂದ ಭಾಗಿಸಿ: 4.2. ಪಾಸಾದ ಬೈಕು ನಿಜಕ್ಕೂ 3.5ರ ಮಿತಿ ಮೀರಿದೆ! ಸೈಲೆನ್ಸರಿನ ಜೋಡಣೆ ನೋಡಿಸಿ, ಕೊಳವೆಯನ್ನು ಸರಿಯಾಗಿ ಇಟ್ಟು ಮತ್ತೊಮ್ಮೆ ಅಳೆಯಲು ಕೇಳಿ.

ಸರಿಯಾಗಿ ಅಳೆದು ಪಾಸಾದರೂ ಆ ಹೊಗೆ ನಿರಪಾಯವೆಂದಲ್ಲ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಕಳ್ಳರ ಭಯಕ್ಕೆ ಬೈಕನ್ನು ರಾತ್ರಿ ಮನೆಯೊಳಗೇ ನಿಲ್ಲಿಸಿ, ಚಳಿಗಾಲದ ಬೆಳಿಗ್ಗೆ ಅಲ್ಲೇ ಸ್ಟಾರ್ಟ್ ಮಾಡಿ ಬಿಸಿ ಮಾಡುವ ಮನೆಗಳು ಎಷ್ಟಿಲ್ಲ?

ಒಂದು ಸ್ಥೂಲ ಲೆಕ್ಕ ಹಾಕೋಣ. 100 ಸಿಸಿಯ ಬೈಕು ನಿಂತಲ್ಲೇ ಓಡುವಾಗ ನಿಮಿಷಕ್ಕೆ ಸುಮಾರು 20 ಲೀಟರ್ ಹೊಗೆ ಬಿಡುತ್ತದೆ ಎಂದಿಟ್ಟುಕೊಳ್ಳಿ. ಶೇ. 3.5ರಂತೆ ಅದರಲ್ಲಿ 0.7 ಲೀಟರ್ ಕಾರ್ಬನ್ ಮಾನಾಕ್ಸೈಡ್. ಹತ್ತು ನಿಮಿಷಕ್ಕೆ 7 ಲೀಟರ್. ಉದ್ದ, ಅಗಲ, ಎತ್ತರ ಮೂರು ಮೂರು ಮೀಟರಿನ ಮುಚ್ಚಿದ ಕೋಣೆಯಲ್ಲಿ 27,000 ಲೀಟರ್ ಗಾಳಿ ಇರುತ್ತದೆ. ಅದರಲ್ಲಿ 7 ಲೀಟರ್ ಬೆರೆತರೆ ಹತ್ತು ಲಕ್ಷ ಪಾಲಿಗೆ ಸುಮಾರು 260 ಪಾಲು. ಹದಿನೈದು ನಿಮಿಷ ಉಸಿರಾಡಲು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಸುಮಾರು 90. ಕಾನೂನಿನ ಮಿತಿಯಲ್ಲಿರುವ ಬೈಕೇ ಅದರ ಮೂರು ಪಟ್ಟಿನ ಹತ್ತಿರ ಬಂತು.

ಇದರ ಮೇಲೆ ಇನ್ನೊಂದು ಮಾತು. ಚೀಟಿಯ ಅಂಕಿ ಬಿಸಿಯಾದ ಎಂಜಿನ್ನಿನದು. ಬೆಳಿಗ್ಗೆ ತಣ್ಣಗಿರುವ ಎಂಜಿನ್ನಿಗೆ ಚೋಕ್ ಎಳೆದಾಗ ಗಾಳಿ ಕಡಿಮೆಯಾಗಿ ಪೆಟ್ರೋಲ್ ಹೆಚ್ಚುತ್ತದೆ. ಆ ಹೊತ್ತಿನ CO ಚೀಟಿಯಲ್ಲಿ ಇರುವುದೇ ಇಲ್ಲ. ಆದ್ದರಿಂದ ಕಾಲೇಜಿಗೆ ಹೊರಟ ಮಗನೋ ಮಗಳೋ ಬೈಕನ್ನು ಮೊದಲು ಬೀದಿಗೆ ತಳ್ಳಲಿ, ಕಿಕ್ ಹೊಡೆಯುವುದು ಆಮೇಲೆ.