ಎಂಟು ವರ್ಷದವನ ಮನೆಗೆ ಒಬ್ಬನೇ ಗೆಳೆಯ

ತರಗತಿಯ ಒಂದೊಂದೇ ಮಗುವನ್ನು ಪ್ರತ್ಯೇಕವಾಗಿ ಕರೆದು, ಯಾರ ಜೊತೆ ಆಡಲು ಇಷ್ಟ, ಯಾರ ಜೊತೆ ಇಷ್ಟವಿಲ್ಲ ಎಂದು ಕೇಳುತ್ತಾರೆ. ಉತ್ತರಗಳನ್ನು ಕೂಡಿಸಿದರೆ ಬೇಡವಾದವರು ಯಾರೆಂದು ತಿಳಿಯುತ್ತದೆ. ಬೆಟ್ಸಿ ಹೋಜಾ ಮತ್ತು ಸಂಗಡಿಗರು ಹೀಗೆ ಕೇಳಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎಡಿಎಚ್‌ಡಿ ಇರುವ ಮಕ್ಕಳಲ್ಲಿ ಶೇ 52ರಷ್ಟು ಮಂದಿ ಆ ಗುಂಪಿನಲ್ಲಿದ್ದರು.

ಈ ತಿರಸ್ಕಾರಕ್ಕೆ ಹೆಚ್ಚು ಕಾಲ ಬೇಕಿಲ್ಲ. ಪರಸ್ಪರ ಪರಿಚಯವಿಲ್ಲದ ಹುಡುಗರನ್ನು ಬೇಸಿಗೆ ಶಿಬಿರದಲ್ಲಿ ಸೇರಿಸಿ ನೋಡಿದಾಗ ಮೊದಲ ದಿನವೇ ಅದು ಶುರುವಾಗಿತ್ತು. ಒಮ್ಮೆ ಹೆಸರು ಕೆಟ್ಟಿತೆಂದರೆ ಮುಂದಿನದು ಕಷ್ಟ. ಅಂಥ ಹುಡುಗ ಅಕಸ್ಮಾತ್ ತಗುಲಿದರೂ 'ಬೇಕಂತಲೇ ತಳ್ಳಿದ' ಎನ್ನುತ್ತಾರೆ.

ಹಾಗಾದರೆ ಒಳ್ಳೆಯ ನಡವಳಿಕೆ ಕಲಿಸಿದರಾಯಿತಲ್ಲ? ಬಹಳ ಕಾಲ ಹಾಗೇ ಮಾಡಿದರು. ವಾರಕ್ಕೊಮ್ಮೆ ಕ್ಲಿನಿಕ್ಕಿನಲ್ಲಿ ಕೂರಿಸಿ, ಸರದಿ ಕಾಯಬೇಕು, ನಡುವೆ ಬಾಯಿ ಹಾಕಬಾರದು ಎಂದು ಹೇಳಿಕೊಟ್ಟರು. ಮಗು ಎಲ್ಲವನ್ನೂ ಸರಿಯಾಗಿ ಒಪ್ಪಿಸುತ್ತದೆ, ಮೈದಾನಕ್ಕೆ ಹೋದೊಡನೆ ಮತ್ತೆ ಚೆಂಡು ಕಿತ್ತುಕೊಳ್ಳುತ್ತದೆ. ನಿಯಮ ಅದಕ್ಕೆ ಗೊತ್ತಿದೆ. ಆ ಕ್ಷಣದಲ್ಲಿ ಕೈ ತಡೆಯಲು ಆಗುವುದಿಲ್ಲ. ಔಷಧ ಆ ಅವಸರವನ್ನು ತಗ್ಗಿಸೀತು, ಗೆಳೆಯರನ್ನು ತಂದುಕೊಡದು.

ಆದ್ದರಿಂದ ಅಮೋರಿ ಮಿಕಾಮಿ ಎಂಬ ಮನಶ್ಶಾಸ್ತ್ರಜ್ಞೆ ತರಬೇತಿಯನ್ನು ಮಕ್ಕಳಿಗಲ್ಲ, ತಂದೆತಾಯಿಗೆ ಕೊಟ್ಟರು. ಆಟ ನಡೆಯುವಲ್ಲೇ ಇರುವವರು ಅವರಲ್ಲವೇ!

ನಮ್ಮ ಕಡೆಯ ಮನೆಯೊಂದರಲ್ಲಿ ಆ ತರಬೇತಿಯನ್ನು ಬಳಸುವುದಾದರೆ ಹೀಗೆ. ಮಗ ಎಂಟು ವರ್ಷದವನು, ಕೇರಂ ಎಂದರೆ ಪ್ರಾಣ. ತಾಯಿ ತರಗತಿಯ ನಾಯಕನನ್ನು ಕರೆಯುವುದಿಲ್ಲ, ಕೇರಂ ಇಷ್ಟಪಡುವ ಒಬ್ಬ ಸಮಾಧಾನಿ ಹುಡುಗನನ್ನು ಕರೆಯುತ್ತಾಳೆ. ಇಬ್ಬರನ್ನು ಕರೆದರೆ ಅವರಿಬ್ಬರೇ ಒಂದಾಗಿ ಮಗ ಹೊರಗುಳಿಯುತ್ತಾನೆ. ಸಮಯ ಒಂದೇ ಗಂಟೆ. ಮಗ ಯಾರಿಗೂ ಮುಟ್ಟಗೊಡದ ರಿಮೋಟ್ ಕಾರು ಮೊದಲೇ ಬೀರು ಸೇರುತ್ತದೆ, ಟಿವಿ ಬಂದ್, ತಂಗಿ ಅಜ್ಜಿಯ ಜೊತೆ ಹೊರಗೆ. ಅತಿಥಿ ಬರುವ ಮುಂಚೆ ಒಂದೇ ಮಾತು: "ಅವನ ಸರದಿಯಲ್ಲಿ ಸ್ಟ್ರೈಕರ್ ಮುಟ್ಟಬೇಡ ಕಣೋ." ಐದು ನಿಯಮ ಹೇಳಿದರೆ ಒಂದೂ ನೆನಪಿರುವುದಿಲ್ಲ.

ಆಟದ ಹೊತ್ತಿಗೆ ಆಕೆ ಪಕ್ಕದ ಅಡುಗೆಮನೆಯಲ್ಲಿ, ಕಿವಿ ಮಾತ್ರ ಹಾಲಿನಲ್ಲಿ. ದನಿ ಏರಿದರೆ ಅತಿಥಿಯ ಎದುರು ಗದರುವುದಿಲ್ಲ. ಬೈಗುಳ ಕೇಳಿದ ಅತಿಥಿಗೂ 'ಇವನು ಕೆಟ್ಟವನು' ಎಂದೇ ಅನಿಸುತ್ತದೆ. ಮಗನನ್ನು ನೀರು ಕುಡಿಯಲು ಕರೆದು ಆ ಒಂದು ಮಾತನ್ನು ಮೆಲ್ಲಗೆ ನೆನಪಿಸುತ್ತಾಳೆ. ಆಟ ಚೆನ್ನಾಗಿರುವಾಗಲೇ ಮುಗಿಸುತ್ತಾಳೆ. ಆಮೇಲೆ 'ಗುಡ್ ಬಾಯ್' ಎನ್ನುವ ಬದಲು "ಅವನು ರೆಡ್ ಹಾಕಿದಾಗ ನೀನು ಸುಮ್ಮನಿದ್ದೆ, ನೋಡಿದೆ" ಎನ್ನುತ್ತಾಳೆ.

2010ರಲ್ಲಿ ಪ್ರಕಟವಾದ ಮಿಕಾಮಿಯವರ ಪ್ರಯೋಗದಲ್ಲಿ, ತರಬೇತಿ ಪಡೆಯದ ಕುಟುಂಬಗಳಿಗೆ ಹೋಲಿಸಿದರೆ ತರಬೇತಿ ಪಡೆದವರ ಮಕ್ಕಳ ಗೆಳೆತನ ಸುಧಾರಿಸಿದೆಯೆಂದು ಪೋಷಕರು ಹೇಳಿದರು. ಆದರೆ ಮನೆಯಲ್ಲಿ ಆದ ಒಬ್ಬ ಗೆಳೆಯನಿಂದ ಇಡೀ ತರಗತಿಯ ಮನಸ್ಸು ತಾನಾಗಿ ಬದಲಾಗುತ್ತದೆಂದು ನೆಚ್ಚಿ ಕೂರುವಂತಿಲ್ಲ. ಅಲ್ಲಿನ ಕೆಲಸ ಶಿಕ್ಷಕರದು. ಎಲ್ಲರೆದುರು ಅವನ ಹೆಸರು ಕೂಗಿ ಗದರುವುದನ್ನು ನಿಲ್ಲಿಸಿ, ತಿದ್ದುವುದನ್ನು ಅವನ ಡೆಸ್ಕಿನ ಪಕ್ಕ ಹೋಗಿ ತಿದ್ದಲಿ.