ಹದಿನೈದನೆಯ ತಾರೀಖಿನ ಹಣ

ಸಣ್ಣ ಕಾರ್ಖಾನೆಯ ಯಜಮಾನನಿಗೆ ತಿಂಗಳಲ್ಲಿ ಎರಡು ತಾರೀಖುಗಳ ಚಿಂತೆ. ಒಂದು, ಸಂಬಳದ ತಾರೀಖು. ಅಂದು ಸಂಬಳ ಬಟವಾಡೆಯಾಗದಿದ್ದರೆ ಕೆಲಸಗಾರರು ಬಾಗಿಲಲ್ಲಿಯೇ ನಿಂತು ಕೇಳುವರು. ಮತ್ತೊಂದು, ಹದಿನೈದನೆಯ ತಾರೀಖು. ಹಿಂದಿನ ತಿಂಗಳ ಪ್ರಾವಿಡೆಂಟ್ ಫಂಡಿನ ಹಣವನ್ನೂ ನೌಕರರ ರಾಜ್ಯ ವಿಮೆಯ ಹಣವನ್ನೂ ಅಷ್ಟರೊಳಗೆ ಕಟ್ಟಬೇಕು. ಕಟ್ಟದಿದ್ದರೆ ಅಂದು ಬಾಗಿಲಿಗೆ ಯಾರೂ ಬರುವುದಿಲ್ಲ. ತೊಂದರೆಯ ಬೇರು ಇರುವುದು ಇಲ್ಲಿಯೇ. ಕೇಳುವವರಿಲ್ಲದ ಹಣ ಕೈಯಲ್ಲಿರುವಾಗ ಕಾಗದದ ವ್ಯಾಪಾರಿಯ ಬಿಲ್ಲೋ, ಕರೆಂಟಿನ ಬಿಲ್ಲೋ ಮುಂದೆ ಬಂದು ನಿಲ್ಲುತ್ತದೆ, “ಈ ತಿಂಗಳು ಒಂದಿಷ್ಟು ತಡವಾದರೇನು?” ಎಂಬ ಮಾತು ಹುಟ್ಟುತ್ತದೆ.

ಈ ಹಣದಲ್ಲಿ ಯಾರ ಪಾಲೆಷ್ಟು ಎಂಬುದನ್ನು ಒಂದು ಮುದ್ರಣಾಲಯದ ಲೆಕ್ಕದಿಂದ ನೋಡಬಹುದು. ಅಚ್ಚಿನವರು, ಬೈಂಡಿಂಗಿನವರು, ಗುಮಾಸ್ತರು ಸೇರಿ 22 ಮಂದಿ ಅಲ್ಲಿ ಕೆಲಸ ಮಾಡುತ್ತಾರೆಂದು ಭಾವಿಸೋಣ. 20 ಅಥವಾ ಅದಕ್ಕಿಂತ ಹೆಚ್ಚು ಮಂದಿ ಇರುವುದರಿಂದ ಪ್ರಾವಿಡೆಂಟ್ ಫಂಡು ಕಡ್ಡಾಯ. ರಾಜ್ಯ ವಿಮೆಗೆ 10 ಮಂದಿಯೇ ಸಾಕು. ಲೆಕ್ಕ ಸುಲಭವಾಗಲೆಂದು ಪ್ರತಿಯೊಬ್ಬನಿಗೂ ಮೂಲವೇತನ ಮತ್ತು ತುಟ್ಟಿಭತ್ಯ ಸೇರಿ ತಿಂಗಳಿಗೆ 14,000 ರೂಪಾಯಿ, ಬೇರೆ ಯಾವ ಭತ್ಯವೂ ಇಲ್ಲ ಎಂದಿಟ್ಟುಕೊಳ್ಳಬಹುದು.

ಬೈಂಡಿಂಗಿನ ಒಬ್ಬ ಕೆಲಸಗಾರನ ಸಂಬಳದಿಂದ ಪ್ರಾವಿಡೆಂಟ್ ಫಂಡಿಗೆ ನೂರಕ್ಕೆ 12ರಂತೆ 1,680 ರೂಪಾಯಿ ಮುರಿಯುತ್ತಾರೆ. ರಾಜ್ಯ ವಿಮೆಗೆ ನೂರಕ್ಕೆ ಮುಕ್ಕಾಲು ರೂಪಾಯಿಯಂತೆ 105. ಅವನ ಕೈಗೆ ಬರುವುದು 12,215. ಯಜಮಾನನೂ ತನ್ನ ಕೈಯಿಂದ 1,680 ರೂಪಾಯಿ ಹಾಕಬೇಕು. ಆದರೆ ಇದು ಇಡಿಯಾಗಿ ಫಂಡಿಗೆ ಹೋಗುವುದಿಲ್ಲ. ಸಂಬಳದ ನೂರಕ್ಕೆ 8.33ರಷ್ಟು, ಎಂದರೆ 1,166 ರೂಪಾಯಿ, ಪಿಂಚಣಿ ಯೋಜನೆಯ ಖಾತೆಗೆ ಸೇರಿ, ಉಳಿದ 514 ಮಾತ್ರ ಕೆಲಸಗಾರನ ಫಂಡಿಗೆ ಜಮೆಯಾಗುತ್ತದೆ. ತನ್ನ ಲೆಕ್ಕದಲ್ಲಿ 1,680ಕ್ಕೆ ಪ್ರತಿಯಾಗಿ 514 ಮಾತ್ರ ಕಂಡು, ಯಜಮಾನನು ಮೋಸಮಾಡಿದನೆಂದು ತಿಳಿದವರು ಹಲವರಿದ್ದಾರೆ. ಅದು ಮೋಸವಲ್ಲ, ವಿಂಗಡಣೆ.

ಇದಲ್ಲದೆ ಯಜಮಾನನು ಜೀವವಿಮೆಗೆಂದು ನೂರಕ್ಕೆ ಅರ್ಧ ರೂಪಾಯಿಯಂತೆ 70, ಕಚೇರಿಯ ನಿರ್ವಹಣೆಗೆಂದು ಮತ್ತೆ 70 ರೂಪಾಯಿ ಕೊಡಬೇಕು. ರಾಜ್ಯ ವಿಮೆಗೆ ಅವನ ಪಾಲು ನೂರಕ್ಕೆ ಮೂರೂಕಾಲು, ಎಂದರೆ 455. ವಿಮೆಯ ಈ ದರಗಳು 2019ರ ಜುಲೈಯಲ್ಲಿ ಇಳಿಸಿದಂಥವು. ಅದಕ್ಕೆ ಮೊದಲು ಇಬ್ಬರ ಹೊರೆಯೂ ಹೆಚ್ಚಾಗಿತ್ತು.

22 ಮಂದಿಗೂ ಕೂಡಿಸಿದರೆ ಫಂಡಿನ ಚಲನ್ 77,000 ರೂಪಾಯಿ, ವಿಮೆಯ ಚಲನ್ 12,320, ಒಟ್ಟು 89,320. ಇದರಲ್ಲಿ 39,270 ರೂಪಾಯಿ ಕೆಲಸಗಾರರ ಸಂಬಳದಿಂದಲೇ ಮುರಿದುಕೊಂಡದ್ದು. ಅದು ಯಜಮಾನನ ಬ್ಯಾಂಕಿನ ಲೆಕ್ಕದಲ್ಲಿ ಕುಳಿತಿದ್ದರೂ ಅವನ ಹಣವಲ್ಲ. ಕಾನೂನಿನ ಭಾಷೆಯೂ ಇಲ್ಲಿ ಕಟುವಾಗಿಯೇ ಇದೆ. ಸಂಬಳದಿಂದ ಮುರಿದ ವಂತಿಗೆಯನ್ನು ಕಟ್ಟದೆ ಉಳಿಸಿಕೊಂಡವನು ತನಗೆ ಒಪ್ಪಿಸಿದ ಹಣವನ್ನು ದುರುಪಯೋಗ ಮಾಡಿದವನೆಂದೇ ಭಾರತೀಯ ನ್ಯಾಯ ಸಂಹಿತೆಯ 316ನೆಯ ಕಲಮು ಎಣಿಸುತ್ತದೆ. ಅಪರಾಧದ ಹೆಸರು ನಂಬಿಕೆದ್ರೋಹ. ಆದ್ದರಿಂದ ಅನುಭವಸ್ಥರಾದ ಗುಮಾಸ್ತರು ಸಂಬಳ ಬಟವಾಡೆಯಾದ ದಿನವೇ ಈ 89,320 ರೂಪಾಯಿಯನ್ನು ಬೇರೊಂದು ಖಾತೆಗೆ ತೆಗೆದಿರಿಸುತ್ತಾರೆ. ಯಜಮಾನನಿಗೆ ಸಂಬಳದ ನಿಜವಾದ ಖರ್ಚು 3,08,000 ಅಲ್ಲ, ತನ್ನ ಪಾಲಿನ 50,050 ಸೇರಿ 3,58,050 ಎಂಬುದು ಆಗ ಮಾತ್ರ ಕಣ್ಣಿಗೆ ಕಾಣುತ್ತದೆ. ಅಚ್ಚಿನ ಕೆಲಸಕ್ಕೆ ದರ ಹೇಳುವಾಗ ಈ ಅಂಕಿಯನ್ನು ಮರೆತವರೇ ಹದಿನೈದನೆಯ ತಾರೀಖಿನಂದು ಪರದಾಡುವವರು.

ಲೆಕ್ಕ ತಪ್ಪುವುದು ಗುಣಾಕಾರದಲ್ಲಿ ಅಲ್ಲ. ಸಂಬಳವೆಂದರೆ ಯಾವುದು ಎಂಬಲ್ಲಿ. ಮೂಲವೇತನವನ್ನು ಕಿರಿದುಮಾಡಿ, ಉಳಿದುದಕ್ಕೆ ‘ವಿಶೇಷ ಭತ್ಯ’ವೆಂದು ಹೆಸರಿಟ್ಟು, ವಂತಿಗೆಯನ್ನು ತಗ್ಗಿಸುವ ಜಾಣತನ ಬಹುಕಾಲ ನಡೆದುಬಂತು. ಎಲ್ಲರಿಗೂ ಒಂದೇ ಸಮನಾಗಿ ಕೊಡುವ ಭತ್ಯವು ಮೂಲವೇತನದ ಭಾಗವೇ ಎಂದು ಸುಪ್ರೀಂ ಕೋರ್ಟು 2019ರ ಫೆಬ್ರವರಿ 28ರಂದು ತೀರ್ಪಿತ್ತಿತು. 2020ರ ಸಾಮಾಜಿಕ ಭದ್ರತಾ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಅದರ ಅರ್ಥನಿರೂಪಣೆಯಂತೆ, ಬಿಡಬಹುದಾದ ಭತ್ಯಗಳು ಒಟ್ಟು ಪ್ರತಿಫಲದ ಅರ್ಧವನ್ನು ಮೀರಿದರೆ ಮೀರಿದಷ್ಟು ಭಾಗ ವೇತನಕ್ಕೇ ಸೇರುತ್ತದೆ. ಮೂಲವೇತನ ಕಿರಿದಾದರೆ ಕೆಲಸಗಾರನ ಫಂಡು ಮಾತ್ರವಲ್ಲ, ಅವನ ಪಿಂಚಣಿಯೂ ಜೀವವಿಮೆಯೂ ಕಿರಿದಾಗುವುವು.

ಇನ್ನೊಂದು ಎಡವು ರಜೆಯದು. ಮೇಲಿನ ಕೆಲಸಗಾರನು ಜೂನ್ ತಿಂಗಳಲ್ಲಿ ಆರು ದಿನ ಸಂಬಳವಿಲ್ಲದ ರಜೆ ಹಾಕಿದನೆನ್ನಿ. 30 ದಿನಗಳಲ್ಲಿ 24 ದಿನದ ಸಂಬಳ 11,200 ರೂಪಾಯಿ. ಫಂಡಿಗೆ 1,344, ವಿಮೆಗೆ 84. ಹಣ ಸರಿಯಾಗಿ ಕಟ್ಟಿದರೂ, ವಂತಿಗೆಯಿಲ್ಲದ ದಿನಗಳ ಕಾಲಮಿನಲ್ಲಿ ‘6’ ಎಂದು ತುಂಬಲು ಗುಮಾಸ್ತ ಮರೆತರೆ, ಸಂಬಳ ಏಕೆ ಕುಗ್ಗಿತೆಂಬುದಕ್ಕೆ ದಾಖಲೆಯೇ ಇಲ್ಲದಾಗುತ್ತದೆ. ಪಿಂಚಣಿಯ ಸೇವಾವಧಿಯನ್ನು ಎಣಿಸುವಾಗ, ಎಷ್ಟೋ ವರ್ಷಗಳ ಮೇಲೆ, ಅದು ಪ್ರಶ್ನೆಯಾಗಿ ಎದ್ದು ಬರುತ್ತದೆ.

ಸಂಬಳದ ಮಿತಿಗಳೂ ಗೊಂದಲವನ್ನುಂಟುಮಾಡುತ್ತವೆ. ಫಂಡಿಗೆ 2014ರ ಸೆಪ್ಟೆಂಬರಿನಲ್ಲಿ ಗೊತ್ತಾದ ಮಿತಿ 15,000 ರೂಪಾಯಿ. ಅದಕ್ಕೆ ಮೇಲ್ಪಟ್ಟ ಸಂಬಳವಿದ್ದರೂ 15,000ಕ್ಕೇ ವಂತಿಗೆಯನ್ನು ನಿಲ್ಲಿಸಬಹುದು. ವಿಮೆಯ ರೀತಿ ಬೇರೆ. 2017ರ ಜನವರಿಯಲ್ಲಿ ಗೊತ್ತಾದ 21,000 ರೂಪಾಯಿಯ ಮಿತಿಯನ್ನು ದಾಟಿದವನು ವಿಮೆಯಿಂದಲೇ ಹೊರಗೆ; ಆದರೆ ದಾಟಿದ ತಿಂಗಳಲ್ಲಿಯೇ ಅಲ್ಲ. ವಂತಿಗೆಯ ಅವಧಿ ಏಪ್ರಿಲಿನಿಂದ ಸೆಪ್ಟೆಂಬರ್, ಅಕ್ಟೋಬರಿನಿಂದ ಮಾರ್ಚ್. ಜೂನಿನಲ್ಲಿ 20,500ರಿಂದ 21,800ಕ್ಕೆ ಬಡ್ತಿ ಪಡೆದ ಮೆಷಿನ್‌ಮನ್ನನಿಗೆ ಸೆಪ್ಟೆಂಬರ್ ಮುಗಿಯುವವರೆಗೂ, ಪೂರ್ತಿ 21,800ರ ಮೇಲೆಯೇ, ವಂತಿಗೆ ಮುರಿಯಬೇಕು. ಜುಲೈಯಲ್ಲಿಯೇ ನಿಲ್ಲಿಸಿಬಿಟ್ಟರೆ ಅವನಿಗೆ ಆಗುವ ನಷ್ಟ ಕೂಡಲೆ ತಿಳಿಯುವುದಿಲ್ಲ. ಕಾಯಿಲೆಯಾದಾಗ ದಿನದ ಸರಾಸರಿ ಸಂಬಳದ ನೂರಕ್ಕೆ 70ರಂತೆ ಸಿಗುವ ಹಣಕ್ಕೆ, ಹಿಂದಿನ ವಂತಿಗೆಯ ಅವಧಿಯಲ್ಲಿ 78 ದಿನಗಳ ವಂತಿಗೆಯಾದರೂ ಇರಬೇಕು. ಏಪ್ರಿಲಿನಿಂದ ಸೆಪ್ಟೆಂಬರಿನವರೆಗಿನ ವಂತಿಗೆಗೆ ಮುಂದಿನ ಜನವರಿಯಿಂದ ಜೂನಿನವರೆಗೆ ಫಲ. ಮುಂಗಾರಿನಲ್ಲಿ ಬಿಟ್ಟ ದಿನಗಳ ಕೊರತೆ ಮಾಗಿಯ ಜ್ವರದಲ್ಲಿ ಗೊತ್ತಾಗುತ್ತದೆ.

ಕಟ್ಟುವ ಕ್ರಮ ಈಗ ಪೂರ್ತಿ ಕಂಪ್ಯೂಟರಿನ ಮೂಲಕ. ಪ್ರತಿ ಕೆಲಸಗಾರನ ಸದಸ್ಯ ಸಂಖ್ಯೆ, ಸಂಬಳ, ವಂತಿಗೆ, ರಜೆಯ ದಿನಗಳನ್ನು ಒಂದು ಸಾಲಿನಂತೆ ಬರೆದ ಪಟ್ಟಿಯನ್ನು ಭವಿಷ್ಯನಿಧಿ ಸಂಸ್ಥೆಯ ಜಾಲತಾಣಕ್ಕೆ ಒಪ್ಪಿಸಬೇಕು. ಪಟ್ಟಿ ಸರಿಯಿದ್ದರೆ ಚಲನ್ ಹುಟ್ಟುತ್ತದೆ. ಬ್ಯಾಂಕಿನ ಮೂಲಕ ಹಣ ಸಲ್ಲುತ್ತದೆ. ವಿಮೆಗೆ ಅದರ ನಿಗಮದ ಜಾಲತಾಣದಲ್ಲಿ ಪ್ರತ್ಯೇಕವಾಗಿ ಇಂಥದೇ ಕೆಲಸ. ಕೇಳುವುದಕ್ಕೆ ಅರ್ಧ ಗಂಟೆಯ ಕೆಲಸ. ಆದರೆ ಹೊಸಬನ ಆಧಾರ್ ಚೀಟಿಯಲ್ಲಿ ಹೆಸರು ಒಂದು ಬಗೆ, ಸದಸ್ಯ ಸಂಖ್ಯೆಯಲ್ಲಿ ಮತ್ತೊಂದು ಬಗೆಯಾಗಿದ್ದರೆ ಎರಡೂ ಕೂಡಿಬರುವುದಿಲ್ಲ. ಅವನ ಸಾಲು ಪಟ್ಟಿಯೊಳಗೆ ಸೇರುವುದಿಲ್ಲ. ಹೆಸರಿನ ತಿದ್ದುಪಡಿಗೆ ದಿನಗಳೇ ಹಿಡಿಯಬಹುದು. ಈ ವಿಷಯವನ್ನು ಹದಿನಾಲ್ಕನೆಯ ತಾರೀಖಿನ ಸಂಜೆ ಕಂಡುಕೊಂಡ ಗುಮಾಸ್ತನ ಪಾಡು ಯಾರಿಗೂ ಬೇಡ. ಲೆಕ್ಕಕ್ಕೆ ಬರುವುದು ಹಣ ಸಂದಾಯವಾದ ದಿನವೇ ಹೊರತು ಚಲನ್ ಬರೆದ ದಿನವಲ್ಲ. ಹಿಂದೆ ಫಂಡಿಗೆ ಐದು ದಿನಗಳ ಸಡಿಲಿಕೆಯಿತ್ತು. 2016ರಲ್ಲಿ ಅದು ರದ್ದಾಯಿತು. ಇಪ್ಪತ್ತನೆಯ ತಾರೀಖಿನವರೆಗೆ ನಡೆಯುತ್ತದೆಂದು ಇಂದಿಗೂ ಹೇಳುವ ಹಳೆಯ ಗುಮಾಸ್ತರ ಮಾತನ್ನು ನಂಬಬಾರದು.

ತಡವಾದರೆ ಫಂಡಿನ ಬಾಕಿಗೆ ವರ್ಷಕ್ಕೆ ನೂರಕ್ಕೆ 12ರ ಬಡ್ಡಿ. 77,000 ರೂಪಾಯಿ 40 ದಿನ ತಡವಾದರೆ ಬಡ್ಡಿಯೇ 1,013 ರೂಪಾಯಿ. ಅದರ ಮೇಲೆ ದಂಡವೆಂದು, 2024ರ ಜೂನಿನಲ್ಲಿ ಗೊತ್ತಾದ ದರದಂತೆ, ಬಾಕಿಯ ನೂರಕ್ಕೆ ಒಂದರಷ್ಟು ತಿಂಗಳು ತಿಂಗಳಿಗೂ ಕೂಡುತ್ತದೆ. ಇದಕ್ಕಿಂತ ಕಷ್ಟವಾದ ನಿಯಮ ಬೇರೊಂದಿದೆ. ಸಂಬಳ ಕೊಡುವಾಗ ಕೆಲಸಗಾರನ ಪಾಲನ್ನು ಮುರಿಯಲು ಮರೆತ ಯಜಮಾನನು, ಮುಂದಿನ ತಿಂಗಳ ಸಂಬಳದಿಂದ ಅದನ್ನು ತನ್ನಿಷ್ಟದಂತೆ ಹಿಡಿದುಕೊಳ್ಳುವಂತಿಲ್ಲ. ಎರಡು ಪಾಲನ್ನೂ ತನ್ನ ಕೈಯಿಂದಲೇ ಕಟ್ಟಬೇಕಾಗುತ್ತದೆ. ತನ್ನ ಪಾಲಿನ ಹಣವನ್ನಂತೂ ಯಾವ ರೂಪದಲ್ಲಿಯೂ ಕೆಲಸಗಾರನಿಂದ ವಸೂಲು ಮಾಡುವಂತಿಲ್ಲ.

ಸಂಬಳದ ಚೀಟಿಯಲ್ಲಿ ‘ಪಿ. ಎಫ್. 1,680’ ಎಂದಿದ್ದ ಮಾತ್ರಕ್ಕೆ ಹಣ ಸಂದಿತೆಂದಲ್ಲ. ಅದನ್ನು ಕೆಲಸಗಾರನಾಗಲಿ ಅವನ ಮನೆಯವರಾಗಲಿ ತಿಳಿಯಬೇಕಾದರೆ ಸಂಸ್ಥೆಯ ಪಾಸ್‌ಬುಕ್ಕನ್ನು ನೋಡಬೇಕು. ಮೊಬೈಲ್ ಫೋನಿನಲ್ಲಿಯೇ ಅದು ದೊರೆಯುತ್ತದೆ. ಜೂನ್ ತಿಂಗಳ ಸಾಲು ಜುಲೈ ಕೊನೆಯ ಹೊತ್ತಿಗೂ ಕಾಣದಿದ್ದರೆ ಗುಮಾಸ್ತರನ್ನು ಕೇಳುವುದು ನ್ಯಾಯ. 1,680, 514, 1,166 ಎಂಬ ಮೂರು ಅಂಕಿಗಳೂ ಅಲ್ಲಿ ಬೇರೆ ಬೇರೆಯಾಗಿ ಇರಬೇಕು.

ಜೀವವಿಮೆಯ ಆ 70 ರೂಪಾಯಿ ಮಾತ್ರ ಪಾಸ್‌ಬುಕ್ಕಿನ ಈ ಅಂಕಿಗಳಲ್ಲಿ ಸೇರಿಲ್ಲ. ಕೆಲಸಗಾರನಿಗೆ ಅದರ ಅರಿವೂ ಇರುವುದಿಲ್ಲ. ವರ್ಷವಿಡೀ 14,000 ಸಂಬಳವಿದ್ದ ಸದಸ್ಯನು ಸೇವೆಯಲ್ಲಿರುವಾಗಲೇ ತೀರಿಕೊಂಡರೆ, ಆ ಸಂಬಳದ 35 ಪಟ್ಟು, ಎಂದರೆ 4,90,000 ರೂಪಾಯಿ, ಜೊತೆಗೆ ಫಂಡಿನ ಸರಾಸರಿ ಮೊತ್ತದ ಅರ್ಧ, 1,75,000ಕ್ಕೆ ಮೀರದಂತೆ, ಅವನು ಹೆಸರಿಸಿದವರಿಗೆ ಸಲ್ಲಬೇಕು. ಹಾಗೆ ಹೆಸರಿಸುವ ಕೆಲಸವನ್ನು ಯಜಮಾನನು ಮಾಡಲಾಗುವುದಿಲ್ಲ. ಸದಸ್ಯನೇ ಜಾಲತಾಣದಲ್ಲಿ ತನ್ನ ಸಂಖ್ಯೆಯಿಂದ ಒಳಹೊಕ್ಕು, ಹೆಂಡತಿ ಮಕ್ಕಳ ಹೆಸರು, ಹುಟ್ಟಿದ ದಿನ, ಪಾಲಿನ ಪ್ರಮಾಣ ಬರೆದು, ಆಧಾರ್ ಮೂಲಕ ಸಹಿ ಹಾಕಬೇಕು. ಮದುವೆಗೆ ಮುಂಚೆ ತಾಯಿಯ ಹೆಸರು ಬರೆದಿದ್ದವನು ಮದುವೆಯಾದ ಮೇಲೆ ಅದನ್ನು ಹೊಸದಾಗಿ ಬರೆಯಬೇಕು. ಕುಟುಂಬ ಕೂಡಿದೊಡನೆ ಹಳೆಯ ಬರಹ ಊರ್ಜಿತವಾಗಿ ಉಳಿಯುವುದಿಲ್ಲ.